ಹನ್ನೊಂದು ನಮಸ್ಕಾರ, ಮೂರು ಕುರಿ, ಇಪ್ಪತ್ತು ನಿಮಿಷ

ಹೊಸದುರ್ಗದ ಪಶುವೈದ್ಯ ಡಾಕ್ಟರ್ ಕಾಟಲಿಂಗಪ್ಪನವರಿಗೆ ಭಗವಂತನು ಎರಡು ವರಗಳನ್ನು ಕೊಟ್ಟಿದ್ದಾನೆ. ಒಂದು, ಮೂಕಪ್ರಾಣಿಯ ನೋವನ್ನು ಅದರ ನಿಲುವಿನಿಂದಲೇ ಅರಿಯುವ ಕರುಣೆ. ಇನ್ನೊಂದು, ಮಾತು. ಮೊದಲನೆಯದನ್ನು ಅಳೆದು ತೂಗಿ ಕೊಟ್ಟನು. ಎರಡನೆಯದನ್ನು ಕೊಡುವ ಹೊತ್ತಿಗೆ ಅಳತೆಯ ಪಾತ್ರೆ ಎಲ್ಲೋ ಕೈತಪ್ಪಿರಬೇಕು, ಕೊಪ್ಪರಿಗೆಯನ್ನೇ ಬಗ್ಗಿಸಿಬಿಟ್ಟನು.

ಅವರು ಹುಟ್ಟಿದ್ದು ಹಿರಿಯೂರಿನ ಕಡೆಯ ಒಂದು ಹಟ್ಟಿಯಲ್ಲಿ, ಕುರಿ ಕಾಯುವ ಮನೆತನದಲ್ಲಿ. ಅಲ್ಲಿಯ ಜನ ಅಡವಿಯಲ್ಲಿ ದಿನವಿಡೀ ಒಂದು ಮಾತಾಡಿದರೆ ಹೆಚ್ಚು. ತಲೆತಲಾಂತರದಿಂದ ಆಡದೆ ಉಳಿಸಿದ ಆ ಮಾತುಗಳೆಲ್ಲ ಬಡ್ಡಿಸಮೇತ ಈ ಒಬ್ಬ ಮಗನಲ್ಲಿ ಬಂದು ಸೇರಿದವೆಂದು ಹಿರಿಯರು ಹೇಳುತ್ತಾರೆ. ಹೊಳಲ್ಕೆರೆಯಲ್ಲಿ ನಡೆದ ಒಂದು ಮದುವೆಯಲ್ಲಿ ವಧೂವರರನ್ನು ಹರಸಲು ನಿಂತ ಡಾಕ್ಟರು, ಊಟದ ಎಲೆಗಳು ಒಣಗಿ ಸುರುಳಿ ಸುತ್ತಿಕೊಂಡ ಮೇಲೆಯೇ ಕುಳಿತರಂತೆ. ಲಸಿಕೆ ಶಿಬಿರಗಳಲ್ಲಿ ಅವರ ಉದ್ಘಾಟನಾ ನುಡಿ ಮುಗಿಯುವಷ್ಟರಲ್ಲಿ ಕುರಿಗಳು ಮೆಲುಕು ಹಾಕಿ ಮುಗಿಸಿ ಮಲಗಿರುತ್ತಿದ್ದವು. ಕುರಿಗಳ ಒಡೆಯರೂ ಅಷ್ಟೇ. ಆದರೂ ಜನ ಅವರನ್ನು ಬಿಡುತ್ತಿರಲಿಲ್ಲ. ಮಾತು ಮುಗಿದ ಮೇಲೆ ಆ ಕೈ ಕುರಿಯ ಮೈಮೇಲೆ ಬೀಳುತ್ತಿತ್ತಲ್ಲ, ಅದಕ್ಕಾಗಿ ಏನನ್ನಾದರೂ ಸಹಿಸಬಹುದಿತ್ತು.

ಹೀಗಿರಲು, ನಿವೃತ್ತಿಗೆ ಒಂದು ವರ್ಷ ಉಳಿದಿರುವಾಗ, ಅವರಿಗೆ ಜಿಲ್ಲೆಯ ಕುರಿ ಆರೋಗ್ಯ ಸಮ್ಮೇಳನದಿಂದ ಕರೆ ಬಂತು. ಸ್ಥಳ ಹಿರಿಯೂರಿನ ಒಂದು ಕಲ್ಯಾಣಮಂಟಪ. ಅವಧಿ ಇಪ್ಪತ್ತು ನಿಮಿಷ. ಸ್ಲೈಡುಗಳು, ಪ್ರಾತ್ಯಕ್ಷಿಕೆ, ಪ್ರಶ್ನೋತ್ತರ, ಮೂರೂ ಅದರೊಳಗೇ.

ಡಾಕ್ಟರು ಹೇಳಬೇಕಾಗಿದ್ದ ಸಂಗತಿ ನಿಜವಾಗಿಯೂ ದೊಡ್ಡದು. ಕುರಿಯ ಹೊಟ್ಟೆಯಲ್ಲಿ ಸೇರಿಕೊಂಡು ರಕ್ತ ಹೀರುವ ಒಂದು ಜಾತಿಯ ಜಂತುಹುಳು ಇದೆ. ಅದಕ್ಕೆ ಹೆದರಿ ನಮ್ಮ ಜನ ಇಡೀ ಮಂದೆಗೆ, ರೋಗವಿರಲಿ ಇಲ್ಲದಿರಲಿ, ಒಟ್ಟಿಗೇ ಔಷಧ ಕುಡಿಸುತ್ತಾರೆ. ಹಾಗೆ ಕುಡಿಸಿ ಕುಡಿಸಿ ಔಷಧಕ್ಕೆ ಜಗ್ಗದ ಹುಳುಗಳು ಮಾತ್ರ ಉಳಿದು, ಬೆಳೆದು, ಕೊನೆಗೆ ಔಷಧವೇ ನೀರಾಗುತ್ತದೆ. ಬಬ್ಬೂರಿನ ಆಚೆಯ ಹಟ್ಟಿಯ ಹುಚ್ಚಕ್ಕ ಎಂಬ ಹಿರಿಯಳ ಮಂದೆಯಲ್ಲಿ ಕಳೆದ ಮಳೆಗಾಲ ಹಾಗೆಯೇ ಆಯಿತು. ಔಷಧ ಕುಡಿದ ಮರಿಗಳೇ ಒಂದೊಂದಾಗಿ ಸತ್ತವು. ಇದಕ್ಕೊಂದು ಉಪಾಯವಿದೆ. ರಕ್ತ ಕಡಿಮೆಯಾದ ಕುರಿಯ ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುತ್ತದೆ. ಕೆಂಪಿನಿಂದ ಬಿಳಿಯವರೆಗೆ, ಒಂದರಿಂದ ಐದರ ಅಂಕ ಕೊಟ್ಟು, ಐದು ಬಣ್ಣಗಳನ್ನು ಅಚ್ಚು ಹಾಕಿದ ಕಾರ್ಡೊಂದನ್ನು ಪಕ್ಕದಲ್ಲಿ ಹಿಡಿದು ನೋಡಿ, ಬಿಳಿಚಿದ ಕುರಿಗೆ ಮಾತ್ರ ಔಷಧ ಕುಡಿಸುವುದು. ಉಪಾಯ ಡಾಕ್ಟರದ್ದಲ್ಲ, ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ್ದು. ಕುರಿ ಸಾಕುವವರ ಒಕ್ಕೂಟವು ಆ ವರ್ಷ ಸಮ್ಮೇಳನದಲ್ಲಿ ಕೇಳಿದ ಒಂದೇ ಒಂದು ವಿಷಯವನ್ನು ಆರಿಸಿ, ಅದರ ತರಬೇತಿಯನ್ನು ಹಟ್ಟಿಗಳಿಗೆ ಒಯ್ಯುವುದಾಗಿ ಸಾರಿತ್ತು. ಕಾರ್ಡು ಹಟ್ಟಿಗೆ ತರುತ್ತೇನೆಂದು ಡಾಕ್ಟರು ಹುಚ್ಚಕ್ಕನ ಸತ್ತ ಮರಿಗಳ ಮುಂದೆ ನಿಂತು ಮಾತು ಕೊಟ್ಟಿದ್ದರು. ಅವರು ಕೊಟ್ಟ ಮಾತುಗಳಲ್ಲೆಲ್ಲ ಅತಿ ಚಿಕ್ಕದು ಅದು. ಅದನ್ನು ಉಳಿಸಿಕೊಳ್ಳಲು ಇದ್ದುದು ಈ ಇಪ್ಪತ್ತು ನಿಮಿಷ ಮಾತ್ರ.

ಡಾಕ್ಟರು ಭಕ್ತಿಯಿಂದ ಸಿದ್ಧತೆಗೆ ಕುಳಿತರು. ನಲವತ್ತಾರು ಸ್ಲೈಡುಗಳಾದವು. ಮೊದಲನೆಯದರಲ್ಲಿ ಗಣಪತಿ, ಅದಕ್ಕೆ ಯಾರೂ ಆಕ್ಷೇಪಿಸಲಾರರು. ಎರಡನೆಯದರಿಂದ ಹದಿನೈದನೆಯದರವರೆಗೆ ಮಾನವ ನಾಗರಿಕತೆಯಲ್ಲಿ ಕುರಿಯ ಸ್ಥಾನ. ಅನಂತರ ಚಂದ್ರವಳ್ಳಿಯ ಗವಿಗಳ ನಾಲ್ಕು ಚಿತ್ರ, ಏಕೆಂದರೆ ಅವು ಚೆನ್ನಾಗಿ ಬಂದಿದ್ದವು. ಹುಳು ಮೊದಲ ಬಾರಿಗೆ ದರ್ಶನ ಕೊಡುವುದು ಮೂವತ್ತೊಂದನೆಯ ಸ್ಲೈಡಿನಲ್ಲಿ. ಸಮಯದ ಹಂಚಿಕೆಯನ್ನೂ ಮಾಡಿದ್ದರು: ಸ್ಲೈಡುಗಳಿಗೆ ಹದಿನೆಂಟು ನಿಮಿಷ, ಕುರಿಯನ್ನು ತೋರಿಸುವುದಕ್ಕೆ ಎರಡು, ಪ್ರಶ್ನೆಗಳಿಗೆ ಸಮಯ ಉಳಿದರೆ.

ಇದನ್ನು ಅವರ ಪತ್ನಿ ಶೋಭಾರಾಣಿಯವರಿಗೆ ತೋರಿಸಿದರು. ಆ ತಾಯಿ ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿ. ಗಂಟೆ ಹೊಡೆದೊಡನೆ ನಿಲ್ಲಿಸುವ ವಿದ್ಯೆಯನ್ನು ಬಲ್ಲವರು. ಓದಿ ನೋಡಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಸಮಯ ಉಳಿದ್ರೆ ಪ್ರಶ್ನೆ ಅಂತ ಬರ್ದೀರಲ್ರಿ. ಮದ್ವೆ ಆದಾಗಿಂದ ಎಂದಾದ್ರೂ ನಿಮ್ಮ ಮಾತಾಗೆ ಸಮಯ ಉಳಿದೈತಾ?"

ಡಾಕ್ಟರು ಇದನ್ನು ಹೊಗಳಿಕೆಯೆಂದು ಭಾವಿಸಿ ನಕ್ಕರು. ಆಕೆ ಗಡಿಯಾರ ಎದುರಿಗಿಟ್ಟುಕೊಂಡು, ಮಾತಾಡಿ ತೋರಿಸಿ ಎಂದರು. ಡಾಕ್ಟರು ಮಾತಾಡಿದರು. ಇಪ್ಪತ್ತನೆಯ ನಿಮಿಷ ಮುಗಿದಾಗ ಅವರು ಏಳನೆಯ ಸ್ಲೈಡಿನಲ್ಲಿದ್ದರು. ಮನುಷ್ಯನು ಆಗತಾನೆ ಕುರಿಯನ್ನು ಪಳಗಿಸುತ್ತಿದ್ದನು.

ಆಮೇಲೆ ಶೋಭಾರಾಣಿಯವರು ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಸ್ಲೈಡೊಂದಕ್ಕೆ ಕಡಿಮೆಯೆಂದರೂ ಒಂದು ನಿಮಿಷ ಬೇಕು. ಆದ್ದರಿಂದ ಮೊದಲು ನಿಮಿಷವನ್ನು ಗೊತ್ತುಮಾಡಿ ಆಮೇಲೆ ಸ್ಲೈಡು ಎಣಿಸಬೇಕೇ ಹೊರತು, ಸ್ಲೈಡು ಮಾಡಿಟ್ಟುಕೊಂಡು ನಿಮಿಷವನ್ನು ಜಗ್ಗಬಾರದು. ಕೇಳಲು ಬಂದವರು ಕುರಿ ಎಂದರೇನೆಂದು ತಿಳಿಯದವರಲ್ಲ. ಅವರಿಗೆ ನಂಬಿಕೆ ಬರಬೇಕಾದದ್ದು ಕಣ್ಣಿನ ಬಣ್ಣದಲ್ಲಿ. ಅದು ಬರುವುದು ಪ್ರಾತ್ಯಕ್ಷಿಕೆಯಿಂದ. ಸ್ಲೈಡುಗಳ ಕೆಲಸವೆಂದರೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ಏನನ್ನು ನೋಡಲಿದ್ದೇವೆ, ಏಕೆ ನೋಡಬೇಕು ಎಂದು ತಿಳಿಸಿ ದಾರಿ ಬಿಡುವುದು. ಪ್ರಶ್ನೆಯ ಸಮಯವನ್ನಂತೂ ಮುಟ್ಟಲೇಬಾರದು. ಸಂದೇಹ ಕೇಳಲು ಬಿಡದವನ ಸರಕನ್ನು ಸಂತೆಯಲ್ಲೂ ಯಾರೂ ಕೊಳ್ಳುವುದಿಲ್ಲ.

ಡಾಕ್ಟರು ಒಪ್ಪಿದರು. ಸ್ಲೈಡುಗಳನ್ನು ಕಡಿಯಲು ಕುಳಿತರು. ಎಷ್ಟೋ ಪ್ರಾಣಿಗಳ ಕೊಳೆತ ಗೊರಸನ್ನು ಕಣ್ಣು ಮಿಟುಕಿಸದೆ ಕೊಯ್ದ ಆ ಕೈ, ಚಂದ್ರವಳ್ಳಿಯ ಗವಿಯನ್ನು ಮೂರು ಸಲ ಅಳಿಸಿ ಮೂರು ಸಲವೂ ಮರಳಿ ತಂದಿತು. ವೈರಾಗ್ಯವೆಂದರೆ ಹೆಂಡತಿ ಮಕ್ಕಳನ್ನು ಬಿಟ್ಟು ಅಡವಿಗೆ ಹೋಗುವುದೆಂದು ತಿಳಿದವರು, ತಾವೇ ಮಾಡಿದ ನಲವತ್ತಾರರಲ್ಲಿ ಮೂವತ್ತೆಂಟನ್ನು ಒಮ್ಮೆ ಅಳಿಸಿ ನೋಡಲಿ.

ಎಂಟು ಉಳಿದವು. ಇನ್ನು ಪ್ರಾತ್ಯಕ್ಷಿಕೆ. ಪಕ್ಕದ ಮನೆಯ ಮಂಜಣ್ಣ ಹಬ್ಬಕ್ಕೆಂದು ಸಾಕಿದ್ದ ಟಗರನ್ನು ಒಂದು ಸಂಜೆ ಎರವಲು ತಂದು, ನಡುಮನೆಯ ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ ಡಾಕ್ಟರು ಅದರ ರೆಪ್ಪೆ ಬಿಡಿಸಿದರು. ಕಾರ್ಡು ಹಿಡಿದು ನೋಡಿದರೆ ಬಣ್ಣ ಕಳೆಗುಂದಿತ್ತು. ಗಾಬರಿಯಾಗಿ, ಇದಕ್ಕೆ ಇವತ್ತೇ ಔಷಧ ಕುಡಿಸಬೇಕೆಂದು ಮಂಜಣ್ಣನಿಗೆ ಹೇಳಿದರು. ಗೋಡೆಗೆ ಗುದ್ದಿ ಗುದ್ದಿ ಸುಣ್ಣ ಉದುರಿಸುತ್ತಿದ್ದ ಟಗರಿಗೆ ರಕ್ತಹೀನತೆ ಎಂದರೆ ಅವನು ಹೇಗೆ ನಂಬಿಯಾನು? ಮರುದಿನ ಬೆಳಿಗ್ಗೆ ಬಿಸಿಲಿನಲ್ಲಿ ನೋಡಿದಾಗ ಅದೇ ಕಣ್ಣು ದಾಳಿಂಬೆಯಂತೆ ಕೆಂಪಗಿತ್ತು. ಕಾರ್ಡನ್ನು ಹಗಲು ಬೆಳಕಿನಲ್ಲಿಯೇ ಬಳಸಬೇಕೆಂಬುದು ಮೊದಲ ಪಾಠ. ಆ ಪಾಠವನ್ನು ಎಂಟು ಸ್ಲೈಡುಗಳಲ್ಲಿ ಒಂದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದವರೂ ಡಾಕ್ಟರೇ.

ಆದ್ದರಿಂದ ಕುರಿ ಮಂಟಪದೊಳಗೆ ಬರುವಂತಿಲ್ಲ. ಮೊಬೈಲಿನಲ್ಲಿ ಚಿತ್ರ ಹಿಡಿದು ಪರದೆಗೆ ಬಿಡೋಣವೆಂದರೆ ಆ ಮಂಟಪದ ಪ್ರೊಜೆಕ್ಟರು ಮದುಮಗಳ ಮುಖವನ್ನೇ ನೀಲಿಯಾಗಿ ತೋರಿಸುವಂಥದ್ದು. ಜನವೇ ಅಂಗಳಕ್ಕೆ ಹೋಗಬೇಕು. ಹೋಗಲು ಸಮಯ ಬೇಕು. ಹೊರಗೆ ಬಿಸಿಲಿಗೆ ಹೋದ ಸಭಿಕರನ್ನು ಮತ್ತೆ ಒಳಗೆ ಕರೆತರಲು ಭಗವಂತನಿಂದಲೂ ಆಗದು. ಹೀಗೆ ಯೋಚಿಸಿ ಯೋಚಿಸಿ ದಂಪತಿಗಳು ಕೊನೆಯ ಹಂಚಿಕೆಗೆ ಬಂದರು. ಒಳಗೆ ಸ್ಲೈಡು ಎಂಟು ನಿಮಿಷ. ಎದ್ದು ಹೊರಗೆ ನಡೆಯಲು ಎರಡು. ಕುರಿಗಳ ಮುಂದೆ ಪ್ರಾತ್ಯಕ್ಷಿಕೆ ಆರು. ಅಲ್ಲೇ ನಿಂತು ಪ್ರಶ್ನೋತ್ತರ ನಾಲ್ಕು. ಡಾಕ್ಟರು ಮನೆಯಲ್ಲಿ ಅಭ್ಯಾಸ ಮಾಡಿದರು, ಆಸ್ಪತ್ರೆಯಲ್ಲಿ ಮಾಡಿದರು, ಸ್ಕೂಟರಿನ ಮೇಲೆ ಮಾಡಿದರು. ಎಂಟು ನಿಮಿಷಕ್ಕೆ ಎಂಟೂ ಸ್ಲೈಡು ಮುಗಿದ ದಿನ ಶೋಭಾರಾಣಿಯವರು ಪಾಯಸ ಮಾಡಿದರು.

ಲೆಕ್ಕದಲ್ಲಿ ಒಂದೇ ಒಂದು ತಪ್ಪು ಉಳಿದಿತ್ತು. ಅದನ್ನು ಗಂಡನೂ ಕಾಣಲಿಲ್ಲ, ಹೆಂಡತಿಯೂ ಕಾಣಲಿಲ್ಲ. ಮನೆಯಲ್ಲಿ ವೇದಿಕೆ ಇರಲಿಲ್ಲ. ವೇದಿಕೆ ಇಲ್ಲದ್ದರಿಂದ ಅದರ ಮೇಲೆ ಆಸೀನರಾದ ಗಣ್ಯರಿರಲಿಲ್ಲ. ಗಣ್ಯರಿಲ್ಲದ್ದರಿಂದ ಅವರ ಹೆಸರು, ಹುದ್ದೆ, ಗುಣವಿಶೇಷಗಳನ್ನು ಹೇಳಿ ವಂದಿಸುವ ಸಂದರ್ಭ ಬರಲಿಲ್ಲ. ನಮ್ಮ ಸೀಮೆಯಲ್ಲಿ ಆ ವಂದನೆಯನ್ನು ಯಾರೂ ಭಾಷಣವೆಂದು ಎಣಿಸುವುದಿಲ್ಲ; ಉಸಿರಾಟವನ್ನು ಯಾರಾದರೂ ಎಣಿಸುತ್ತಾರೆಯೇ? ಆಕಾಶ ಭೂಮಿಗಳ ಒಡೆಯನು ಭಕ್ತನ ಒಂದು ನಮಸ್ಕಾರಕ್ಕೆ ಒಲಿಯುತ್ತಾನೆ. ವೇದಿಕೆಯ ಒಡೆಯರು ಹಾಗಲ್ಲ, ತಲೆಗೊಂದು ಬೇಕು.

ಸಮ್ಮೇಳನದ ದಿನ ಕಲ್ಯಾಣಮಂಟಪದ ವೇದಿಕೆಯ ಮೇಲೆ ಹನ್ನೊಂದು ಮಂದಿ ಇದ್ದರು. ನಡುವೆ ಮದುಮಕ್ಕಳ ಜೋಡಿ ಸಿಂಹಾಸನ. ಒಂದರಲ್ಲಿ ಗೋಷ್ಠಿಯ ಅಧ್ಯಕ್ಷರಾದ ನಿವೃತ್ತ ಪ್ರಾಧ್ಯಾಪಕ ಹಾಲಸ್ವಾಮಿಯವರು, ಇನ್ನೊಂದರಲ್ಲಿ ಕುರಿ ಸಾಕುವವರ ಒಕ್ಕೂಟದ ಅಧ್ಯಕ್ಷ ಗುಡ್ಡಪ್ಪನವರು, ದಂಪತಿಗಳಂತೆ ವಿರಾಜಮಾನರಾಗಿದ್ದರು. ಯಾವ ವಿಷಯ ಹಟ್ಟಿಗಳಿಗೆ ಹೋಗಬೇಕೆಂದು ತೀರ್ಮಾನಿಸುವವರು ಈ ಗುಡ್ಡಪ್ಪನವರೇ. ಅವರ ನೆನಪಿನ ಶಕ್ತಿ ಪ್ರಸಿದ್ಧವಾದದ್ದು. ಯಾವ ಸಭೆಯಲ್ಲಿ ಯಾರು ತಮ್ಮ ಹೆಸರನ್ನು ಬಿಟ್ಟರೆಂಬುದು ಅವರಿಗೆ ಇಸವಿ ಸಮೇತ ಬಾಯಿಪಾಠ. ಹಾಲಸ್ವಾಮಿಯವರ ಮುಂದೆ ದೇವರ ಕೋಣೆಯಿಂದ ತಂದ ಗಂಟೆಯೊಂದಿತ್ತು. ಸಮಯ ಮೀರಿದವರಿಗೆ ಅದನ್ನು ಬಾರಿಸುವುದು ಅವರ ಕರ್ತವ್ಯ. ಮೊದಲ ಇಬ್ಬರು ಉಪನ್ಯಾಸಕರಿಗೆ ಅವರು ಅದನ್ನು ಬಾರಿಸಲೂ ಬಾರಿಸಿದರು. ಉಪನ್ಯಾಸಕರು ಮಂಗಳಧ್ವನಿಯೆಂದು ತಿಳಿದು ಮುಂದುವರಿಸಿದರು.

ಹುಚ್ಚಕ್ಕ ಬೆಳಿಗ್ಗೆಯೇ ಗೂಡ್ಸ್ ಆಟೊದಲ್ಲಿ ಮೂರು ಕುರಿಗಳನ್ನು ತಂದು ಅಂಗಳದ ಬೇವಿನ ಮರಕ್ಕೆ ಕಟ್ಟಿ ಕುಳಿತಿದ್ದಳು. ಡಾಕ್ಟರು ಬಿಸಿಲಿನಲ್ಲಿ ಮೂರರ ಕಣ್ಣನ್ನೂ ನೋಡಿ ಬಂದಿದ್ದರು: ಒಂದು ಕೆಂಪು, ಒಂದು ಬಿಳಿಚಿದ್ದು, ಒಂದು ನಡುಮಧ್ಯದ್ದು.

ಡಾಕ್ಟರ ಹೆಸರನ್ನು ಕರೆದರು. ಕರೆದೊಡನೆ ಹಾಲಸ್ವಾಮಿಯವರು, ಧರ್ಮಾತ್ಮರು, ಕೈಗಡಿಯಾರ ನೋಡಿ ಇಪ್ಪತ್ತು ನಿಮಿಷ ಇಲ್ಲಿಂದ ಶುರುವೆಂದರು. ನಿರೂಪಕರು ಡಾಕ್ಟರ ಪರಿಚಯ ಓದತೊಡಗಿದರು. ಹುಟ್ಟಿದ ಹಟ್ಟಿ, ಓದಿದ ಶಾಲೆ, ಪಡೆದ ಪ್ರಶಸ್ತಿ, ಪಡೆಯಬೇಕಾಗಿದ್ದ ಪ್ರಶಸ್ತಿ. ಆಮೇಲೆ ಶಾಲು ಬಂತು. ಶಾಲು ಹೊದಿಸುವವರು ಬರಲಿಲ್ಲ, ಫೋನಿನಲ್ಲಿದ್ದರು. ಅವರು ಬಂದ ಮೇಲೆ ಹಾರ, ಹಾರದ ಮೇಲೆ ಪೇಟ, ಪೇಟ ಹಣೆಯಿಂದ ಜಾರಿದ್ದರಿಂದ ಎರಡನೆಯ ಫೋಟೊ. ಡಾಕ್ಟರು ಮೈಕಿನ ಮುಂದೆ ನಿಂತು ಗಡಿಯಾರ ನೋಡಿದರೆ ಎಂಟು ನಿಮಿಷ ಹೋಗಿತ್ತು. ಸ್ಲೈಡುಗಳ ಪಾಲಿನ ಎಂಟೂ ನಿಮಿಷವನ್ನು ಒಂದು ಶಾಲು ಹೊದ್ದುಕೊಂಡಿತ್ತು.

ಉಳಿದದ್ದು ಹನ್ನೆರಡು. ಎದುರಿಗೆ ಹನ್ನೊಂದು ಗಣ್ಯರು. ಡಾಕ್ಟರು ವಾಡಿಕೆಯಂತೆ ವಂದಿಸಿದರೆ ಕಡಿಮೆಯೆಂದರೂ ಐದು ನಿಮಿಷ. ಆಮೇಲೆ ಸ್ಲೈಡುಗಳನ್ನು ಓಡಿಸಿದರೂ ಅಂಗಳಕ್ಕೆ ಹೋಗುವ ಮಾತಿಲ್ಲ. ಕುರಿಗಳು ಬಂದ ಆಟೊದಲ್ಲಿಯೇ ಹಿಂದಿರುಗುತ್ತವೆ, ಮುಂದಿನ ಮಳೆಗಾಲಕ್ಕೆ ಮರಿಗಳು ಮತ್ತೆ ಸಾಯುತ್ತವೆ. ವಂದಿಸದಿದ್ದರೆ ಗುಡ್ಡಪ್ಪನವರ ನೆನಪಿನಲ್ಲಿ ಇನ್ನೊಂದು ಇಸವಿ ದಾಖಲಾಗುತ್ತದೆ, ತೀರ್ಮಾನ ಅವರ ಕೈಯಲ್ಲಿಯೇ ಇದೆ.

ಮೂರನೆಯ ಸಾಲಿನಲ್ಲಿ ಕುಳಿತಿದ್ದ ಶೋಭಾರಾಣಿಯವರು ಕಣ್ಣು ಮುಚ್ಚಿಕೊಂಡರು. ಪ್ರಾರ್ಥಿಸುತ್ತಿದ್ದರೋ ನೋಡಲಾರದೆ ಮುಚ್ಚಿಕೊಂಡರೋ, ಅದನ್ನು ಅಂತರ್ಯಾಮಿಯೇ ಬಲ್ಲ.

"ವೇದಿಕೆ ಮೇಲಿರೋ ಹಿರಿಯರಿಗೆಲ್ಲ ಒಟ್ಟಿಗೆ ಒಂದು ನಮಸ್ಕಾರ," ಎಂದರು ಡಾಕ್ಟರು.

ಹನ್ನೊಂದು ಮಂದಿಯ ಮುಖದಲ್ಲಿಯೂ, ಬಡಿಸುತ್ತ ಬಂದವನು ತಮ್ಮ ಎಲೆಯನ್ನು ದಾಟಿ ಹೋದಾಗ ಕಾಣುವ ಭಾವ ಕಾಣಿಸಿತು. ಜನ್ಮದಲ್ಲಿ ಮೊದಲ ಸಲ ಡಾಕ್ಟರು ಒಂದು ವಾಕ್ಯಕ್ಕೆ ಅಲ್ಲಿಯೇ ಪೂರ್ಣವಿರಾಮ ಹಾಕಿದ್ದರು. ಎಂಟು ಸ್ಲೈಡುಗಳಲ್ಲಿ ಏಳನ್ನು ಅಲ್ಲಿಯೇ ತ್ಯಾಗ ಮಾಡಿದರು. ಕಾರ್ಡಿನ ಚಿತ್ರವಿದ್ದ ಒಂದನ್ನೇ ತೆರೆದು, ಹುಳು ಏನು ಮಾಡುತ್ತದೆ, ಎಲ್ಲ ಕುರಿಗಳಿಗೂ ಔಷಧ ಕುಡಿಸಿದರೆ ಏನಾಗುತ್ತದೆ, ಈ ಐದು ಬಣ್ಣ ಏಕೆ ಎಂದು ಎರಡೇ ನಿಮಿಷದಲ್ಲಿ ಹೇಳಿ, ಉಳಿದದ್ದನ್ನು ಬಿಸಿಲಿನಲ್ಲಿ ನೋಡೋಣ, ಹೊರಗೆ ಬನ್ನಿರೆಂದರು.

ಯಾರೂ ಏಳಲಿಲ್ಲ. ಆಗ ಶೋಭಾರಾಣಿಯವರು ಎದ್ದು, ಕೈಯಲ್ಲಿ ಚೀಲ ಹಿಡಿದು, ಊಟಕ್ಕೆ ಕರೆದಿದ್ದಾರೋ ಎಂಬಷ್ಟು ಅವಸರದಿಂದ ಬಾಗಿಲಿನ ಕಡೆ ನಡೆದರು. ಅದನ್ನು ಕಂಡೊಡನೆ ಇಡೀ ಸಭೆ ಎದ್ದಿತು. ಜ್ಞಾನದ ಹಿಂದೆ ಹೋಗಲು ಹಿಂದೆಮುಂದೆ ನೋಡುವ ಜನ ಊಟದ ವಾಸನೆಯ ಹಿಂದೆ ಎಂದೂ ತಡಮಾಡಿದವರಲ್ಲ. ಎರಡು ನಿಮಿಷದ ನಡಿಗೆ ಒಂದೂವರೆಗೆ ಮುಗಿಯಿತು. ಗುಡ್ಡಪ್ಪನವರು ಮಾತ್ರ ಸಿಂಹಾಸನದಲ್ಲಿ ಸ್ವಲ್ಪ ಹೊತ್ತು ಒಬ್ಬರೇ ಕುಳಿತು, ಕರೆಯಲು ಯಾರೂ ಉಳಿದಿಲ್ಲವೆಂದು ಕಂಡ ಮೇಲೆ ಎದ್ದು ಬಂದರು.

ಅಂಗಳದಲ್ಲಿ ಡಾಕ್ಟರು ಬೇರೆಯೇ ಮನುಷ್ಯ. ಪೇಟ ತೆಗೆದು ಹುಚ್ಚಕ್ಕನ ಕೈಗೆ ಕೊಟ್ಟರು. ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕಣ್ಣಿನ ಮೇಲೆ ಮುಚ್ಚಿ, ಮೆಲ್ಲಗೆ ಒತ್ತಿ, ಇನ್ನೊಂದು ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಜಗ್ಗಿದರು. ಒಳಪೊರೆ ಹೂವಿನ ದಳದಂತೆ ಹೊರಗೆ ಮೂಡಿತು. ಕೂಡಲೇ ನೋಡಬೇಕು, ಹಿಡಿದಿಟ್ಟುಕೊಂಡರೆ ಬಣ್ಣ ಏರಿ ಮೋಸವಾಗುತ್ತದೆ, ಎರಡೂ ಕಣ್ಣು ನೋಡಿ ಹೆಚ್ಚು ಬಿಳಿಚಿದ್ದನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂದರು. ಮಾತು ಅಷ್ಟೇ. ಕಾರ್ಡನ್ನು ಹಾಲಸ್ವಾಮಿಯವರ ಕೈಗಿತ್ತು ನೀವೇ ನೋಡಿ ಎಂದರು. ಕೆಂಪು ಕುರಿಯನ್ನೂ ಬಿಳಿಚಿದ್ದನ್ನೂ ಎಲ್ಲರೂ ಒಪ್ಪಿದರು. ಬಿಳಿಚಿದ ಕುರಿಗೆ ಅಲ್ಲಿಯೇ ಅದರ ತೂಕಕ್ಕೆ ತಕ್ಕಷ್ಟು ಔಷಧವನ್ನು ನಾಲಿಗೆಯ ಹಿಂಭಾಗಕ್ಕೆ ಬಿಟ್ಟದ್ದಾಯಿತು. ನಡುವಿನದರ ಮುಂದೆ ಹಾಲಸ್ವಾಮಿಯವರು ಎರಡೆಂದರು. ಹಿಂದಿನಿಂದ ಗುಡ್ಡಪ್ಪನವರು ಗುಂಪನ್ನು ಸರಿಸಿಕೊಂಡು ಬಂದು, ಮುನಿಸನ್ನು ಮರೆತು, ಕುರಿಯ ತಲೆಯನ್ನು ಎರಡು ಮೊಣಕಾಲ ನಡುವೆ ಹಿಡಿದು ಮೂರೆಂದರು. ಇಬ್ಬರು ಅಧ್ಯಕ್ಷರೂ ಒಂದು ಕುರಿಯ ಎರಡು ಕಣ್ಣಿಗೆ ಜೋತುಬಿದ್ದರು. ಸಂದೇಹವಿದ್ದರೆ ಹೆಚ್ಚು ಬಿಳಿಯ ಕಡೆಯ ಅಂಕವನ್ನೇ ಹಿಡಿಯಬೇಕು, ಮೂರು ಬಂದರೆ ಮಂದೆಯ ಸ್ಥಿತಿಯನ್ನೂ ಕುರಿ ಮರಿಯೋ ಗಬ್ಬದ್ದೋ ಎಂಬುದನ್ನೂ ನೋಡಿ ತೀರ್ಮಾನಿಸಬೇಕು ಎಂದರು ಡಾಕ್ಟರು.

ಪ್ರಶ್ನೆಗೆ ಮೂರು ನಿಮಿಷ ಉಳಿದಿತ್ತು. ಗುಡ್ಡಪ್ಪನವರು ಕೈ ಒರೆಸಿಕೊಳ್ಳುತ್ತ ಕೇಳಿದರು:

"ಧೂಳು ಬಿದ್ದು ಕಣ್ಣು ಕೆಂಪಾಗಿದ್ರೆ ನಿನ್ನ ಕಾರ್ಡು ಏನ್ ಹೇಳ್ತೈತೆ ಡಾಕ್ಟ್ರೆ?"

"ಸುಳ್ಳು ಹೇಳ್ತೈತೆ ಸರ್," ಎಂದರು ಡಾಕ್ಟರು.

ಡಾಕ್ಟರು ಮುಂದುವರಿಸಿದರು: ಕಣ್ಣಿನ ಬೇನೆಯಿದ್ದರೂ ಹಾಗೆಯೇ, ಆದ್ದರಿಂದ ಕಣ್ಣೊಂದನ್ನೇ ನಂಬದೆ ಗಂಟಲ ಕೆಳಗಿನ ಬಾವು, ಮೈ ಬಡವಾಗಿರುವುದು, ಮಂದೆಯ ಹಿಂದೆ ಬೀಳುವುದು ಇವನ್ನೂ ನೋಡಬೇಕು, ರಕ್ತ ಹೀರದ ಬೇರೆ ಹುಳುಗಳನ್ನು ಈ ಕಾರ್ಡು ಹಿಡಿಯಲಾರದು, ಆಗಾಗ ಹಿಕ್ಕೆ ಪರೀಕ್ಷೆ ಮಾಡಿಸಲೇಬೇಕು. ಹಾಲಸ್ವಾಮಿಯವರು ಗಂಟೆಯನ್ನು ಒಳಗೆ ಮರೆತು ಬಂದಿದ್ದರು, ಕೈಯೆತ್ತಿ ಮುಗಿಯಿತೆಂದರು. ಡಾಕ್ಟರು ನಿಲ್ಲಿಸಿದರು. ಹೊಸದುರ್ಗದಿಂದ ಬಂದಿದ್ದವರಿಗೆ ಅಂದಿನ ನಿಜವಾದ ಪ್ರಾತ್ಯಕ್ಷಿಕೆ ಅದೇ.

"ನಮ್ಮ ಮುಂದೆ ಬಂದೋರೆಲ್ಲ ತಮ್ಮದು ಸುಳ್ಳೇ ಹೇಳಲ್ಲ ಅಂದಿದ್ರು," ಎಂದರು ಗುಡ್ಡಪ್ಪನವರು, "ನೀನೊಬ್ಬ ಒಪ್ಕಂಡೆ. ಆದ್ರೆ ನಮಸ್ಕಾರದ ವಿಷ್ಯ ನಾನು ಮರೆಯಾಂಗಿಲ್ಲ."

ಸಮಾರೋಪದಲ್ಲಿ ಅವರು ತೀರ್ಮಾನ ಪ್ರಕಟಿಸಿದರು. ಮೊದಲು ಸಮಯಪಾಲನೆಯ ಮಹತ್ವವನ್ನು ಸುಮಾರು ಮುಕ್ಕಾಲು ಗಂಟೆ ವಿವರಿಸಿ, ಬೆಳಿಗ್ಗೆ ಡಾಕ್ಟರು ಬಿಟ್ಟ ಹನ್ನೊಂದು ಹೆಸರುಗಳನ್ನೂ, ತಮ್ಮದೂ ಸೇರಿದಂತೆ, ಎರಡೆರಡು ಸಲ ಹೇಳಿ, ಕಾರ್ಡಿನ ತರಬೇತಿ ಈ ವರ್ಷ ಹಿರಿಯೂರು ಮತ್ತು ಹೊಸದುರ್ಗದ ಹಟ್ಟಿಗಳಿಗೆ ಹೋಗಲಿದೆ, ಹೊಳಲ್ಕೆರೆಯೂ ಚಿತ್ರದುರ್ಗವೂ ಮುಂದಿನ ವರ್ಷ ಕಾಯಬೇಕು ಎಂದರು. ನಾಲ್ಕೂ ತಾಲ್ಲೂಕು ಬಯಸಿದ್ದ ಡಾಕ್ಟರಿಗೆ ಎರಡು ಸಿಕ್ಕಿತು. ಉಳಿದೆರಡು ತಾಲ್ಲೂಕುಗಳು ಯಾವ ನಮಸ್ಕಾರಕ್ಕೆ ದಂಡವಾದವೆಂದು ಯಾರೂ ಕೇಳಲಿಲ್ಲ.

ಕಾರ್ಡುಗಳು ಅಚ್ಚಾಗಿ ಬಂದ ಮೇಲೆ ಡಾಕ್ಟರು ಮೊದಲು ಹೋದದ್ದು ಹುಚ್ಚಕ್ಕನ ಹಟ್ಟಿಗೆ. ಜನ ಎಂದಿನಂತೆ ಕಂಬಳಿ ಹಾಸಿ, ಎಲೆ ಅಡಿಕೆ ಹರಡಿಕೊಂಡು, ಕೆಲವರು ತಲೆದಿಂಬಿಗೆ ತಕ್ಕ ಕಲ್ಲನ್ನೂ ಹುಡುಕಿಕೊಂಡು ದೀರ್ಘಕಾಲಕ್ಕೆ ಸಿದ್ಧರಾಗಿ ಕುಳಿತರು. ಡಾಕ್ಟರು ಬಂದರು, ಎಲ್ಲರಿಗೂ ಒಂದು ನಮಸ್ಕಾರ ಮಾಡಿದರು, ಎರಡು ಮಾತು ಹೇಳಿದರು, ಹತ್ತಿರದ ಕುರಿಯನ್ನು ಬಿಸಿಲಿಗೆಳೆದು ರೆಪ್ಪೆ ಬಿಡಿಸಿದರು. ಕಾರ್ಡನ್ನು ಹುಚ್ಚಕ್ಕನ ಕೈಗಿತ್ತು, ಏನಾದರೂ ಕೇಳುವುದಿದೆಯೇ ಎಂದು ಸುಮ್ಮನೆ ನಿಂತರು.

ಕಲ್ಲಿಗೆ ತಲೆಯಿಟ್ಟಿದ್ದವರು ಎದ್ದು ಕುಳಿತರು. ಕೊನೆಗೆ ಹುಚ್ಚಕ್ಕ ಕಾರ್ಡನ್ನು ಎತ್ತಿ ಹಿಡಿದು, ಡಾಕ್ಟರ ಹತ್ತಿರ ಬಂದು, ಅವರ ಮುಖವನ್ನೇ ಬಿಸಿಲಿಗೆ ತಿರುಗಿಸಿದಳು.

"ಯಾಕಪ್ಪ, ಮೈಯಾಗೆ ಹುಷಾರೈತಾ? ಇಷ್ಟು ಕಮ್ಮಿ ಮಾತಾಡಿದೋನಲ್ಲ ನೀನು. ಬಾ ಇಲ್ಲಿ, ನಿನ್ನ ಕಣ್ಣೊಂದೀಟು ನೋಡಾಣ."